ಟೈರಿಗೆ ಚುಚ್ಚಿದ ಮೊಳೆ: ಕೀಳುವುದೇ, ಬಿಡುವುದೇ?

ಟೈರಿಗೆ ಮೊಳೆ ಚುಚ್ಚಿದ್ದು ಕಣ್ಣಿಗೆ ಬಿದ್ದಾಗ ಅದನ್ನು ಅಲ್ಲೇ ಕೀಳಬೇಕೇ ಅಥವಾ ಹಾಗೆಯೇ ಬಿಟ್ಟು ಪಂಚರ್ ಅಂಗಡಿಯವರೆಗೆ ಹೋಗಬೇಕೇ ಎಂಬುದು ವಾಹನ ಓಡಿಸುವವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆ. ಉತ್ತರವು ಮೊದಲಿಗೆ ಟೈರು ಯಾವ ಬಗೆಯದು ಎಂಬುದರ ಮೇಲೆ ನಿಂತಿದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೇ ತೂತಿಗೆ ಬಿರಡೆಯಾಗಿರುತ್ತದೆ. ಆದ್ದರಿಂದ ತೂತು ಮುಚ್ಚುವ ಸಾಮಾನು ಕೈಯಲ್ಲಿಲ್ಲದೆ ಅದನ್ನು ಕೀಳಬಾರದು. ಟ್ಯೂಬ್ ಇರುವ ಗಾಲಿಯಲ್ಲಿ ಗಾಳಿ ಪೂರ್ತಿ ಹೋಗಿದ್ದರೆ ಮೊಳೆ ಇನ್ನು ಏನನ್ನೂ ತಡೆಹಿಡಿದಿರುವುದಿಲ್ಲ. ಅದನ್ನು ಒಳಗೇ ಬಿಟ್ಟು ಗಾಡಿ ನೂಕಿದರೆ ಟ್ಯೂಬಿಗೆ ಇನ್ನಷ್ಟು ತೂತುಗಳು ಬೀಳುತ್ತವೆ. ಎರಡು ಬಗೆಯಲ್ಲಿಯೂ ಮುಂದಿನ ನಿರ್ಧಾರ ಮಾಡಬೇಕಾದ್ದು ಮೊಳೆಯ ಗಾತ್ರ ನೋಡಿ ಅಲ್ಲ, ಗಾಳಿ ಎಷ್ಟು ವೇಗವಾಗಿ ಇಳಿಯುತ್ತಿದೆ ಮತ್ತು ಅಂಗಡಿ ಎಷ್ಟು ದೂರವಿದೆ ಎಂಬ ಎರಡು ಲೆಕ್ಕಗಳನ್ನು ನೋಡಿ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಈ ಎರಡನೆಯ ಲೆಕ್ಕಕ್ಕೆ ಹೆಚ್ಚು ತೂಕವಿದೆ. ಗದಗದಿಂದ ಮುಂಡರಗಿಗೂ ಲಕ್ಷ್ಮೇಶ್ವರಕ್ಕೂ ತಲಾ ಸುಮಾರು 40 ಕಿ.ಮೀ. ದಾರಿ. ನಡುವೆ ಊರುಗಳಿದ್ದರೂ ಊರು ಊರಿನ ನಡುವೆ ಹೊಲಗಳೇ ಉದ್ದಕ್ಕೂ ಹಬ್ಬಿವೆ. ಪಟ್ಟಣದೊಳಗೆ ಒಂದು ಫರ್ಲಾಂಗು ನೂಕಿದರೆ ಅಂಗಡಿ ಸಿಗುತ್ತದೆ. ಕಪ್ಪತಗುಡ್ಡದ ಬದಿಯ ರಸ್ತೆಯಲ್ಲಿ ಸಂಜೆಯ ಹೊತ್ತು ಮೊಳೆ ಕಿತ್ತು ಕೈಯಲ್ಲಿ ಹಿಡಿದವನಿಗೆ ಆ ಸೌಲಭ್ಯವಿಲ್ಲ.

ಮೊಳೆ ಎಲ್ಲಿಂದ ಬರುತ್ತದೆ

ಈ ಸೀಮೆಯ ರಸ್ತೆಗಳಲ್ಲಿ ಟೈರಿಗೆ ಚುಚ್ಚುವುದು ಬಡಗಿಯ ಮೊಳೆಯೊಂದೇ ಅಲ್ಲ. ಎತ್ತುಗಳ ಕಾಲಿಗೆ ಬಡಿದ ಲಾಳ ಸವೆದು ಕಳಚಿದಾಗ ಅದರ ಗಿಡ್ಡ ಮೊಳೆಗಳು ರಸ್ತೆಗೆ ಬೀಳುತ್ತವೆ. ಹೊಲದ ಬದುವಿನ ಜಾಲಿಮುಳ್ಳು, ಅದರಲ್ಲಿಯೂ ಬೇಲಿಗೆ ಕಡಿದು ಎಳೆದೊಯ್ಯುವಾಗ ದಾರಿಯಲ್ಲಿ ಉದುರಿದ ಒಣಮುಳ್ಳು, ಬೈಕ್ ಟೈರನ್ನು ಸಲೀಸಾಗಿ ದಾಟುತ್ತದೆ. ಕಟ್ಟಡದ ಸೆಂಟ್ರಿಂಗ್ ಹಲಗೆ ಸಾಗಿಸುವ ಟ್ರ್ಯಾಕ್ಟರುಗಳಿಂದ ಉದ್ದ ಮೊಳೆಗಳು ಬೀಳುತ್ತವೆ. ಕಾರುಗಳ ಟೈರಿನಲ್ಲಿ ತಗಡಿನ ಚಾವಣಿಗೆ ಹೊಡೆಯುವ ಸ್ಕ್ರೂಗಳೂ ಸಿಗುತ್ತವೆ.

ಮೊಳೆ ಹೆಚ್ಚಾಗಿ ಹಿಂದಿನ ಗಾಲಿಯಲ್ಲಿ ಸಿಗುವುದನ್ನು ಪಂಚರ್ ಅಂಗಡಿಯವರೆಲ್ಲ ಬಲ್ಲರು. ಅದಕ್ಕೆ ಕೊಡುವ ಕಾರಣ ಸರಳವಾಗಿದೆ: ನೆಲದ ಮೇಲೆ ಅಡ್ಡ ಮಲಗಿದ ಮೊಳೆಯನ್ನು ಮುಂದಿನ ಗಾಲಿ ತುಳಿದು ಎಬ್ಬಿಸುತ್ತದೆ, ಎದ್ದು ನಿಂತ ಮೊಳೆಯ ಮೇಲೆ ಅದರ ಹಿಂದೆಯೇ ಬರುವ ಗಾಲಿ ಹತ್ತುತ್ತದೆ. ಆದ್ದರಿಂದ ಗಾಡಿ ಒಂದು ಬದಿಗೆ ಎಳೆಯುತ್ತಿದೆ, ಹಿಂಬದಿ ತೇಲಿದಂತಾಗುತ್ತಿದೆ ಎನಿಸಿದರೆ ಮೊದಲು ಹಿಂದಿನ ಗಾಲಿಗಳನ್ನು ನೋಡುವುದು ಜಾಣತನ.

ಟ್ಯೂಬ್‌ಲೆಸ್ ಟೈರಿನೊಳಗೆ ನಡೆಯುವುದು

ಈಗಿನ ಕಾರುಗಳಲ್ಲಿಯೂ ಅಲಾಯ್ ಗಾಲಿಯ ಬೈಕು, ಸ್ಕೂಟರುಗಳಲ್ಲಿಯೂ ಬಹುಪಾಲು ಟ್ಯೂಬ್‌ಲೆಸ್ ಟೈರುಗಳೇ ಇವೆ. ಇವುಗಳಲ್ಲಿ ಗಾಳಿಯನ್ನು ಹಿಡಿದಿಡುವುದು ಟೈರಿನ ಒಳಮೈಗೆ ಹಚ್ಚಿದ, ಗಾಳಿ ಸುಲಭವಾಗಿ ಸೋರದ ಬ್ಯೂಟೈಲ್ ಜಾತಿಯ ರಬ್ಬರಿನ ಪದರ. ಟೈರಿನ ಅಂಚು ರಿಮ್ಮಿಗೆ ಬಿಗಿಯಾಗಿ ಒತ್ತಿ ಕೂತಿರುವುದರಿಂದ ಅಲ್ಲಿಯೂ ಗಾಳಿಗೆ ದಾರಿಯಿಲ್ಲ. ಮೊಳೆ ಒಳಹೊಕ್ಕಾಗ ರಬ್ಬರು ಹರಿದು ದೂರ ಸರಿಯುವುದಿಲ್ಲ. ಸೀಳಿ, ಮತ್ತೆ ಮೊಳೆಯ ಸುತ್ತ ಬಿಗಿಯುತ್ತದೆ. ಒಳಗಿನ ಗಾಳಿಗೆ ಹೊರಬರಲು ಉಳಿಯುವುದು ಮೊಳೆಯ ಮೈಗೂ ರಬ್ಬರಿಗೂ ನಡುವಿನ ಕೂದಲೆಳೆಯಷ್ಟು ಸಂದು ಮಾತ್ರ. ಅದರಿಂದಾಗಿಯೇ ಮೊಳೆ ಚುಚ್ಚಿದ ಟ್ಯೂಬ್‌ಲೆಸ್ ಟೈರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಗಾಳಿ ಹಿಡಿದಿರುತ್ತದೆ.

ಆ ಮೊಳೆಯನ್ನು ಕಿತ್ತೊಡನೆ ಸಂದಿನ ಬದಲು ತೂತೇ ತೆರೆದುಕೊಳ್ಳುತ್ತದೆ. ಕಾರಿನ ಟೈರಿನ ನೆಲಮುಟ್ಟುವ ಭಾಗದ ಒಳಗೆ ಉಕ್ಕಿನ ತಂತಿಯ ಪಟ್ಟಿಗಳಿವೆ. ಮೊಳೆ ಅವನ್ನು ತಳ್ಳಿಕೊಂಡು ಹೋಗಿರುವುದರಿಂದ ತೂತು ತಾನಾಗಿ ಪೂರ್ತಿ ಮುಚ್ಚಿಕೊಳ್ಳುವ ಭರವಸೆಯಿಲ್ಲ. 3-4 ಮಿ.ಮೀ. ದಪ್ಪದ ಮೊಳೆ ಬಿಟ್ಟ ತೂತಿನಿಂದ ಟೈರು ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ಅಂಗಡಿಯವರೆಗೆ ಓಡಬಲ್ಲ ಗಾಡಿಯನ್ನು ಚಾಲಕ ತನ್ನ ಕೈಯಾರೆ ನಿಲ್ಲಿಸಿದಂತಾಗುತ್ತದೆ.

ಕಿತ್ತ ಮೇಲೆ ಇನ್ನೊಂದು ಹಾನಿ ಕಾದಿರುತ್ತದೆ. ಗಾಳಿ ಹೋದ ಟೈರಿನ ಮೇಲೆ "ಇಲ್ಲೇ ಒಂದ್ ಕಿಲೋಮೀಟರ್" ಎಂದು ಓಡಿಸಿದರೆ ಟೈರಿನ ಪಕ್ಕದ ಗೋಡೆ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಮಡಿಚಿ ಬಿಚ್ಚಿ, ಕಾಯ್ದು, ಒಳಗಿನ ನೂಲು ಕಡಿಯುತ್ತದೆ. ಮೊಳೆಯ ತೂತನ್ನು ಸ್ವಲ್ಪ ಖರ್ಚಿನಲ್ಲಿ ಮುಚ್ಚಬಹುದಿತ್ತು. ಗೋಡೆ ಸುಟ್ಟ ಟೈರಿಗೆ ರಿಪೇರಿಯಿಲ್ಲ, ಹೊಸದನ್ನೇ ಕೊಳ್ಳಬೇಕು.

ಟ್ಯೂಬ್ ಇರುವ ಗಾಲಿಯ ರೀತಿ ಬೇರೆ

ಕಡ್ಡಿಗಾಲಿಯ ಬೈಕು, ಹಳೆಯ ಸ್ಕೂಟರು, ಬಹಳಷ್ಟು ಟ್ರ್ಯಾಕ್ಟರು ಮತ್ತು ಟ್ರೇಲರುಗಳು, ಟೈರ್ ಹಾಕಿದ ಚಕ್ಕಡಿ ಇವೆಲ್ಲ ಇನ್ನೂ ಟ್ಯೂಬಿನ ಮೇಲೆಯೇ ನಡೆಯುತ್ತವೆ. ಇಲ್ಲಿ ಗಾಳಿ ಇರುವುದು ತೆಳುವಾದ ಟ್ಯೂಬಿನೊಳಗೆ. ಟೈರು ಅದರ ಹೊರಗವಚ ಮಾತ್ರ. ಮೊಳೆ ಟ್ಯೂಬನ್ನು ಮುಟ್ಟಿದರೆ ಗಾಳಿ ಟೈರಿಗೂ ಟ್ಯೂಬಿಗೂ ನಡುವೆ ಹರಡಿ, ಕಡ್ಡಿಗಳ ತೂತುಗಳಿಂದಲೂ ವಾಲ್ವಿನ ಸುತ್ತಲಿಂದಲೂ ಹೊರಬೀಳುತ್ತದೆ. ಟ್ಯೂಬು ಮೊಳೆಯನ್ನು ಕಚ್ಚಿ ಹಿಡಿಯುವಷ್ಟು ದಪ್ಪವಿಲ್ಲ. ಆದ್ದರಿಂದ ಟ್ಯೂಬ್ ಗಾಡಿ ಮೊಳೆ ತುಳಿದರೆ ಬಹಳ ಸಲ ಸವಾರ ಮೊಳೆಯನ್ನು ಕಾಣುವ ಮೊದಲೇ "ಹವಾ ಇಳೀತು" ಎಂದು ಗೊತ್ತಾಗಿರುತ್ತದೆ.

ಇಲ್ಲಿ ಎರಡು ಸ್ಥಿತಿಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು, ಮೊಳೆ ಕಾಣುತ್ತಿದೆ, ಗಾಳಿ ಮಾತ್ರ ಗಟ್ಟಿಯಾಗಿದೆ. ಮೊಳೆ ಹೊರಟೈರಿನಲ್ಲಿಯೇ ನಿಂತಿರಬಹುದು, ಅಥವಾ ಅದರ ತುದಿ ಟ್ಯೂಬಿನ ಹತ್ತಿರ ಇರಬಹುದು. ಆಗಲೂ ಅಂಗಡಿ ಹತ್ತಿರವಿದ್ದರೆ ಕೀಳದೆ, ನಿಧಾನವಾಗಿ, ಹಿಂಬದಿ ಸವಾರರನ್ನು ಇಳಿಸಿ ಅಲ್ಲಿಗೆ ಹೋಗುವುದು ಲೇಸು. ಅಂಗಡಿ ಬಹುದೂರವಿದ್ದರೆ ಪ್ರತಿ ಸುತ್ತಿಗೂ ನೆಲ ಆ ಮೊಳೆಯನ್ನು ಒಳಕ್ಕೆ ಒತ್ತುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಟೈರಿನ ಗುಬ್ಬಿಯಲ್ಲಿ ಓರೆಯಾಗಿ, ಮೇಲುಮೇಲೆ ನಾಟಿದ ಗಿಡ್ಡ ಮೊಳೆ ಎಂದು ಸ್ಪಷ್ಟವಾಗಿ ಕಂಡರೆ ಟ್ಯೂಬ್ ಗಾಲಿಯಿಂದ ಅದನ್ನು ತೆಗೆದುಬಿಡುವುದೇ ಸರಿ.

ಎರಡನೆಯದು, ಗಾಳಿ ಪೂರ್ತಿ ಹೋಗಿದೆ. ಆಗ ಮೊಳೆಯನ್ನು ಕೀಳಬೇಕು. ಬಿಟ್ಟು ನೂಕಿದರೆ ಸಡಿಲಾದ ಟ್ಯೂಬು ಟೈರಿನೊಳಗೆ ಸರಿದಾಡಿ, ಅದೇ ಮೊಳೆ ಎರಡು, ಮೂರು, ಐದು ಕಡೆ ಚುಚ್ಚುತ್ತದೆ. ಒಂದು ಪ್ಯಾಚಿನ ಕೆಲಸ ಹೊಸ ಟ್ಯೂಬಿಗೆ ಹೋಗುವುದು ಹೀಗೆಯೇ. ಆದರೆ ಕೀಳುವ ಮುನ್ನ ಆ ಜಾಗಕ್ಕೆ ಟೈರಿನ ಪಕ್ಕದಲ್ಲಿ ಸೀಮೆಸುಣ್ಣದಿಂದಲೋ ಇಟ್ಟಿಗೆ ಚೂರಿನಿಂದಲೋ ಒಂದು ಗೆರೆ ಎಳೆಯಬೇಕು. ಅಂಗಡಿಯವನಿಗೆ ಟ್ಯೂಬಿನ ತೂತು ಯಾವ ಬದಿಗಿದೆ, ಟೈರಿನೊಳಗೆ ಎಲ್ಲಿ ಕೈಯಾಡಿಸಬೇಕು ಎಂಬುದು ಅದರಿಂದ ತಿಳಿಯುತ್ತದೆ. ಜಾಲಿಮುಳ್ಳಾಗಿದ್ದರೆ ಹೊರಗಿನಿಂದ ಎಳೆದಾಗ ತುದಿ ಮುರಿದು ಒಳಗೇ ಉಳಿಯುವುದುಂಟು. ಆ ತುದಿಯನ್ನು ಒಳಗಿನಿಂದ ಹುಡುಕಿ ತೆಗೆಯದೆ ಪ್ಯಾಚ್ ಹಾಕಿದ ಟ್ಯೂಬನ್ನು ಸೇರಿಸಿದರೆ ಮರುದಿನವೇ ಮತ್ತೆ ಪಂಚರ್.

ಗಾಳಿ ಹೋದ ಟ್ಯೂಬ್ ಗಾಲಿಯ ಮೇಲೆ ಕೂತು ಓಡಿಸಲೇಬಾರದು. ಟೈರು ರಿಮ್ಮಿನ ಮೇಲೆ ಜಾರುತ್ತಾ ಟ್ಯೂಬನ್ನು ತನ್ನೊಡನೆ ಎಳೆಯುತ್ತದೆ. ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡ ವಾಲ್ವು ಮಾತ್ರ ಅಲ್ಲೇ ನಿಲ್ಲುತ್ತದೆ. ಕೊನೆಗೆ ವಾಲ್ವಿನ ಬುಡದಲ್ಲಿಯೇ ಟ್ಯೂಬು ಹರಿಯುತ್ತದೆ, ಅದಕ್ಕೆ ಪ್ಯಾಚ್ ಕೂರುವುದಿಲ್ಲ. ನೂಕುವಾಗ ವಾಲ್ವು ಓರೆಯಾಗಿರುವುದು ಕಂಡರೆ ಟೈರು ಆಗಲೇ ಜಾರಿದೆ ಎಂದು ತಿಳಿಯಬೇಕು.

ಕೈ ಹಚ್ಚುವ ಮುನ್ನ ಅಳತೆ

ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಕಂಡಾಗ ಮೊದಲ ಕೆಲಸ ಗಾಡಿಯನ್ನು ಡಾಂಬರಿನ ಅಂಚು ಬಿಟ್ಟು ಸಮತಟ್ಟಾದ ಗಟ್ಟಿ ಜಾಗದಲ್ಲಿ ನಿಲ್ಲಿಸಿ, ಎಚ್ಚರಿಕೆಯ ದೀಪ ಹಚ್ಚುವುದು. ಎರಡನೆಯದು ಮೊಳೆ ಒಳಗಿನವರೆಗೆ ಹೋಗಿದೆಯೇ ಎಂದು ನೋಡುವುದು. ಹೊಸ ಕಾರ್ ಟೈರಿನ ಗುಬ್ಬಿಗಳ ಎತ್ತರವೇ 7-8 ಮಿ.ಮೀ. ಇರುತ್ತದೆ, ಅದರ ಕೆಳಗೆ ಮತ್ತಷ್ಟು ದಪ್ಪವಿದೆ. ಗಿಡ್ಡ ಲಾಳದ ಮೊಳೆಯೋ ಸ್ಕ್ರೂ ತುಂಡೋ ಗುಬ್ಬಿಯಲ್ಲೇ ನಿಂತಿರುವ ಸಾಧ್ಯತೆ ಇದೆ. ಮೊಳೆಯ ಸುತ್ತ ಸಾಬೂನು ನೀರು, ಅದಿಲ್ಲದಿದ್ದರೆ ಬರೀ ನೀರು ಅಥವಾ ಎಂಜಲು ಸವರಿ ಒಂದೆರಡು ನಿಮಿಷ ನೋಡಬೇಕು. ಗುಳ್ಳೆ ಏಳುತ್ತಿದ್ದರೆ ದಾಟಿದೆ. ಗುಳ್ಳೆ ಕಾಣದಿದ್ದರೂ ದಾಟಿಲ್ಲವೆಂದು ಖಚಿತವಾಗಿ ಹೇಳಲಾಗದು: ಗಟ್ಟಿಯಾಗಿ ಕಚ್ಚಿದ ಮೊಳೆ ತಾನು ಇರುವವರೆಗೆ ಒಂದು ಗುಳ್ಳೆಯನ್ನೂ ಬಿಡದಿರಬಹುದು. ಆದ್ದರಿಂದ "ಗುಳ್ಳೆ ಬರಲಿಲ್ಲ, ಕೀಳೋಣ" ಎಂಬ ತೀರ್ಮಾನ ಅಂಗಡಿಯ ಮುಂದೆ ಮಾಡಬೇಕಾದದ್ದು, ದಾರಿಯ ನಡುವೆ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಗಾಳಿಯ ಒತ್ತಡವನ್ನು ಎರಡು ಸಲ ಅಳೆಯುವುದು. ಅಂಗಡಿಯಲ್ಲಿ "30 ಹಾಕು, 32 ಹಾಕು" ಎಂದು ಬರಿಯ ಅಂಕಿಯಲ್ಲಿ ಹೇಳುವ ಆ ಅಳತೆ ಪಿಎಸ್‌ಐ. ಕಾರಿಗೆ ಎಷ್ಟು ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ, ಹೆಚ್ಚಾಗಿ 30ರಿಂದ 35ರ ನಡುವೆ. ಪೆನ್ನಿನಷ್ಟು ಗಾತ್ರದ ಗೇಜು ಗಾಡಿಯಲ್ಲಿದ್ದರೆ ಸಾಕು. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪು ಇದ್ದರೆ ಅದರಲ್ಲಿಯೇ ಗೇಜು ಸೇರಿರುತ್ತದೆ. ಈಗ ಒಮ್ಮೆ ನೋಡಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿದರೆ ಸೋರಿಕೆಯ ವೇಗ ತಿಳಿಯುತ್ತದೆ.

ಇಲ್ಲಿ ಅನುಭವಸ್ಥರೂ ತಪ್ಪುವ ಒಂದು ಕಡೆ ಇದೆ. ಬಿಸಿಲಿನಲ್ಲಿ ಓಡಿದ ಟೈರಿನ ಗಾಳಿ ಕಾಯ್ದು ಉಬ್ಬುತ್ತದೆ, ತಣ್ಣಗಿದ್ದಾಗ 32 ಇದ್ದದ್ದು 35-36 ತೋರಿಸುತ್ತದೆ. ಒಂದೆಡೆ ಇದು ಸೋರಿಕೆಯನ್ನು ಮುಚ್ಚಿಡುತ್ತದೆ: ಮೊಳೆ ಚುಚ್ಚಿದ ಗಾಲಿ 32 ತೋರಿಸಿದರೆ ಸರಿಯಾಗಿದೆ ಎನಿಸುತ್ತದೆ, ನಿಜದಲ್ಲಿ ಅದು ಆಗಲೇ ಮೂರು ನಾಲ್ಕು ಅಂಕಿ ಕಳೆದುಕೊಂಡಿರುತ್ತದೆ. ಇನ್ನೊಂದೆಡೆ, ನಿಂತ ಗಾಡಿಯ ಟೈರು ತಣಿಯುತ್ತಿದ್ದಂತೆ ಸೋರಿಕೆಯಿಲ್ಲದಿದ್ದರೂ ಅಂಕಿ ಇಳಿಯುತ್ತದೆ, ಆಗ ಇಲ್ಲದ ಭಯ ಹುಟ್ಟುತ್ತದೆ. ಇದಕ್ಕೆ ಪರಿಹಾರ ಜೊತೆಗಾಲಿಯನ್ನೂ ಅಳೆಯುವುದು. ಎಡಗಡೆ ಹಿಂದಿನ ಗಾಲಿಗೆ ಮೊಳೆ ಚುಚ್ಚಿದ್ದರೆ ಬಲಗಡೆ ಹಿಂದಿನ ಗಾಲಿಯನ್ನೂ ನೋಡಬೇಕು. ಎರಡೂ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಓಡಿ ಬಂದಿವೆ. ಅವುಗಳ ನಡುವಿನ ವ್ಯತ್ಯಾಸವೇ ನಿಜವಾದ ಸೋರಿಕೆ.

ದಂಬಳದ ದಾರಿಯಲ್ಲಿ ಒಂದು ಲೆಕ್ಕ

ಮುಂಡರಗಿಯಿಂದ ಗದಗಕ್ಕೆ ಹೊರಟ ಒಂದು ಕಾರು ದಂಬಳದ ಹತ್ತಿರ ನಿಂತಿದೆ ಎಂದುಕೊಳ್ಳೋಣ. ಗದಗ ಅಲ್ಲಿಂದ ಸುಮಾರು 21 ಕಿ.ಮೀ.; ಹಿಂದಕ್ಕೆ ಮುಂಡರಗಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಚೀಟಿಯ ಪ್ರಕಾರ ಟೈರಿಗೆ 32 ಬೇಕು. ಬಲಗಾಲಿ ಓಡಿದ ಕಾವಿಗೆ 35 ತೋರಿಸುತ್ತಿದೆ. ಮೊಳೆ ಚುಚ್ಚಿದ ಎಡಗಾಲಿ 31 ತೋರಿಸುತ್ತಿದೆ, ಅಂದರೆ ಈಗಾಗಲೇ ನಾಲ್ಕು ಅಂಕಿ ಹೋಗಿದೆ. ಡಿಕ್ಕಿಯಲ್ಲಿದ್ದ ಪಂಪಿನಿಂದ ಎಡಗಾಲಿಯನ್ನೂ 35ಕ್ಕೆ ಏರಿಸಿ ಹತ್ತು ನಿಮಿಷ ಕಾಯುತ್ತಾರೆ. ಬಲಗಾಲಿ 35ರಲ್ಲೇ ಇದೆ, ಎಡಗಾಲಿ 34ಕ್ಕೆ ಬಂದಿದೆ. ಹತ್ತು ನಿಮಿಷಕ್ಕೆ ಒಂದು ಅಂಕಿ.

ಗಂಟೆಗೆ 40 ಕಿ.ಮೀ. ವೇಗದಲ್ಲಿ 21 ಕಿ.ಮೀ. ಹೋಗಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ಮೂರರಿಂದ ನಾಲ್ಕು ಅಂಕಿ ಇಳಿದು 30ರ ಆಸುಪಾಸಿಗೆ ಬರುತ್ತದೆ. ಟೈರಿಗೆ ಇದರಿಂದ ಅಪಾಯವಿಲ್ಲ. ಪಂಪು ಇಲ್ಲದೆ 31ರಿಂದಲೇ ಹೊರಟಿದ್ದರೂ ಗದಗ ಮುಟ್ಟುವಾಗ 27 ಉಳಿದಿರುತ್ತಿತ್ತು. ಇಲ್ಲಿ ಮೊಳೆಯನ್ನು ಮುಟ್ಟದೆ ಹೊರಡುವುದೇ ಸರಿಯಾದ ತೀರ್ಮಾನ. ಆದರೂ ನಿಂತಾಗ ಅಳೆದ ವೇಗವನ್ನು ಪೂರ್ತಿ ನಂಬಬಾರದು. ಗಾಲಿ ತಿರುಗುವಾಗ ಪ್ರತಿ ಸುತ್ತಿಗೂ ಮೊಳೆ ಅಲುಗುತ್ತದೆ, ಸಂದು ದೊಡ್ಡದಾಗಬಹುದು, ಮೊಳೆಯೇ ಹಾರಿಹೋಗಲೂಬಹುದು. ಆದ್ದರಿಂದ ಐದು ಕಿ.ಮೀ. ಹೋಗಿ ಒಮ್ಮೆ, ಅರ್ಧ ದಾರಿಯಲ್ಲಿ ಮತ್ತೊಮ್ಮೆ ಇಳಿದು ಅಳೆಯಬೇಕು. ವೇಗ 40-50 ದಾಟಬಾರದು, ಗುಂಡಿ ಮತ್ತು ರಸ್ತೆ ಉಬ್ಬಿನಲ್ಲಿ ಇನ್ನೂ ನಿಧಾನ.

ಅದೇ ಹತ್ತು ನಿಮಿಷದಲ್ಲಿ ಎಡಗಾಲಿ 35ರಿಂದ 29ಕ್ಕೆ ಬಿದ್ದಿದ್ದರೆ ಲೆಕ್ಕ ತಿರುಗುತ್ತದೆ. ಅರ್ಧ ಗಂಟೆಯಲ್ಲಿ ಅದು 20ರ ಕೆಳಗೆ ಇಳಿಯುವ ಟೈರು. ನಿಗದಿಯಾದ ಒತ್ತಡದಲ್ಲಿ ಕಾಲುಭಾಗ ಕಡಿಮೆಯಾದರೆ, 32ರ ಟೈರು 24ಕ್ಕೆ ಬಂದರೆ, ಅದನ್ನು ಓಡಿಸದಿರುವುದು ಒಳ್ಳೆಯ ಗಡಿ. ಒತ್ತಡ ತೋರಿಸುವ ಸೆನ್ಸರುಗಳಿರುವ ಹಲವು ಕಾರುಗಳಲ್ಲಿ ಎಚ್ಚರಿಕೆಯ ದೀಪ ಹೊತ್ತುವುದೂ ಈ ಮಟ್ಟದ ಹತ್ತಿರವೇ. ಇಂಥ ಸೋರಿಕೆಯಲ್ಲಿ ಪಂಪಿನ ಮೇಲೆ ಪಂಪು ಹೊಡೆದು ಓಡುವುದಕ್ಕಿಂತ ಅಲ್ಲೇ ಸ್ಟೆಪ್ನಿ ಹಾಕುವುದು ಮೇಲು. ಗಾಲಿ ಬದಲಿಸುವಾಗಲೂ ಮೊಳೆ ಟೈರಿನಲ್ಲೇ ಇರಲಿ. ಅಂಗಡಿಯವನಿಗೆ ತೂತು ಹುಡುಕುವ ಕೆಲಸ ತಪ್ಪುತ್ತದೆ.

ಎರೆ ನೆಲದಲ್ಲಿ ಸ್ಟೆಪ್ನಿ ಬದಲಿಸುವುದು

ಈ ಜಿಲ್ಲೆಯಲ್ಲಿ ಗಾಲಿ ಬದಲಿಸುವವರು ಮೊದಲು ನೆಲವನ್ನು ನೋಡಬೇಕು. ಎರೆ ಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಒಂದು ಮಳೆ ಬಿದ್ದರೆ ಹಿಟ್ಟಿನಂತೆ ಮೆತ್ತಗಾಗುತ್ತದೆ. ಹಸಿ ಎರೆಯ ಮೇಲೆ ಇಟ್ಟ ಜಾಕು ಗಾಡಿಯನ್ನು ಎತ್ತುವ ಬದಲು ತಾನೇ ಕೆಳಗಿಳಿಯುತ್ತದೆ, ಅರ್ಧ ಎತ್ತಿದ ಮೇಲೆ ವಾಲಿ ಕಾರನ್ನು ಕೆಡವಲೂಬಹುದು. ಒಂದು ಅಡಿ ಉದ್ದಗಲದ ದಪ್ಪ ಹಲಗೆ ಡಿಕ್ಕಿಯಲ್ಲಿದ್ದರೆ ಜಾಕಿನ ಭಾರ ಹರಡಿ ನಿಲ್ಲುತ್ತದೆ. ಹಲಗೆಯಿಲ್ಲದಿದ್ದರೆ ಟೈರಿಗೆ ಸ್ವಲ್ಪ ಗಾಳಿ ಇರುವಾಗಲೇ ಹತ್ತಿರದ ಗಟ್ಟಿ ನೆಲಕ್ಕೆ ನಿಧಾನವಾಗಿ ಸರಿಸುವುದು ಒಳ್ಳೆಯದು. ಸೋರುವ ಟೈರಿನ ಮೊಳೆಯನ್ನು ಕೀಳದಿರಲು ಇದೂ ಒಂದು ಕಾರಣ: ಜಾಗ ಹುಡುಕಿಕೊಳ್ಳುವಷ್ಟು ಗಾಳಿಯನ್ನು ಅದು ಉಳಿಸಿಕೊಡುತ್ತದೆ.

ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಗಾಲಿ ತಿರುಗುತ್ತದೆ, ಗಾಡಿ ಜಾಕಿನಿಂದ ಜಾರುತ್ತದೆ. ಎದುರು ಮೂಲೆಯ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಡಬೇಕು. ಕಳಚಿದ ಗಾಲಿಯನ್ನು ಕಾರಿನ ಅಡಿಗೆ ಮಲಗಿಸಿಟ್ಟರೆ ಜಾಕು ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ. ಸ್ಟೆಪ್ನಿ ಕೂರಿಸಿ ನಟ್ಟುಗಳನ್ನು ಒಂದರ ಎದುರಿಗೆ ಇನ್ನೊಂದರಂತೆ ಬಿಗಿದು, ಇಳಿಸಿದ ಮೇಲೆ ಮತ್ತೊಮ್ಮೆ ಅದೇ ಕ್ರಮದಲ್ಲಿ ಬಲವಾಗಿ ಬಿಗಿಯಬೇಕು. ಸ್ಟೆಪ್ನಿ ಉಳಿದ ಗಾಲಿಗಳಿಗಿಂತ ಸಣ್ಣದಾಗಿದ್ದರೆ ಅದರ ಮೇಲೆ ಬರೆದ ವೇಗದ ಮಿತಿ, ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ., ಮೀರಬಾರದು.

ಎಲ್ಲ ಕಾರಿನಲ್ಲಿಯೂ ಸ್ಟೆಪ್ನಿ ಇರುತ್ತದೆಂದು ಈಗ ಹೇಳುವಂತಿಲ್ಲ. ಟ್ಯೂಬ್‌ಲೆಸ್ ಟೈರು, ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು ಕೇಂದ್ರ ಸರ್ಕಾರ 2020ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿದೆ. ಅಂಥ ಕಾರಿನವರು ಕಿಟ್ ಎಲ್ಲಿದೆ, ಅದರ ದ್ರವದ ಅವಧಿ ಮುಗಿದಿದೆಯೇ ಎಂಬುದನ್ನು ಊರಲ್ಲಿರುವಾಗಲೇ ನೋಡಿಟ್ಟುಕೊಳ್ಳಬೇಕು. ಈ ದ್ರವ ಮುಚ್ಚಬಲ್ಲದ್ದು ನೆಲಮುಟ್ಟುವ ಭಾಗದ ಚಿಕ್ಕ ತೂತನ್ನು ಮಾತ್ರ. ಅದನ್ನು ಹಾಕುವಾಗಲೂ ಮೊಳೆಯನ್ನು ಕೀಳುವುದಿಲ್ಲ. ಹಾಕಿ, ಗಾಳಿ ತುಂಬಿ, ಕೆಲವು ಕಿ.ಮೀ. ನಿಧಾನವಾಗಿ ಓಡಿಸಿದರೆ ಅದು ಒಳಗೆ ಹರಡಿ ಸಂದಿಗೆ ಸೇರುತ್ತದೆ. ದ್ರವ ಹಾಕಿದ್ದನ್ನು ಅಂಗಡಿಯಲ್ಲಿ ತಿಳಿಸಬೇಕು, ಏಕೆಂದರೆ ಅದನ್ನು ಒರೆಸಿ ತೆಗೆಯದೆ ಒಳಗಿನಿಂದ ಪ್ಯಾಚ್ ಅಂಟುವುದಿಲ್ಲ.

ಕೀಳಬೇಕಾದ ಅಥವಾ ಮುಂದೆ ಹೋಗಬಾರದ ಸಂದರ್ಭಗಳು

ಟ್ಯೂಬ್‌ಲೆಸ್ ಟೈರಿನಲ್ಲಿಯೂ ದಾರಿಯಲ್ಲೇ ಮೊಳೆ ಕೀಳಬಹುದಾದ ಒಂದು ಸಂದರ್ಭವಿದೆ: ಸ್ಟ್ರಿಪ್ ಕಿಟ್, ಗಾಳಿ ತುಂಬುವ ಪಂಪು ಎರಡೂ ಇದ್ದು, ಆ ಕೆಲಸ ಮಾಡಿ ಗೊತ್ತಿರುವಾಗ. ಆಗಲೂ ಸ್ಟ್ರಿಪ್ಪನ್ನು ಸೂಜಿಗೆ ಪೋಣಿಸಿ, ಅಂಟು ಸವರಿ ಸಿದ್ಧವಾಗಿಟ್ಟುಕೊಂಡ ಮೇಲೆಯೇ ಇಕ್ಕಳ ಹಚ್ಚಬೇಕು. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆಯೋ ಅದೇ ಓರೆಯಲ್ಲಿ ಅರವನ್ನೂ ಸೂಜಿಯನ್ನೂ ಹಾಕಬೇಕು. ನೇರ ಹಾಕಿದರೆ ಎರಡನೆಯ ತೂತೇ ಆಗುತ್ತದೆ.

ಮೊಳೆಯ ತಲೆ ಬಹಳ ಹೊರಚಾಚಿ, ತಿರುಗುವಾಗ ಮಡ್‌ಗಾರ್ಡಿಗೆ ಬಡಿಯುತ್ತಿದ್ದರೆ ಹಾಗೆಯೇ ಓಡಿಸಬಾರದು. ಇಕ್ಕಳದಲ್ಲಿ ಹೊರಭಾಗವನ್ನು ಕತ್ತರಿಸಲಾದರೆ ಸರಿ, ಇಲ್ಲದಿದ್ದರೆ ಗಾಲಿ ಬದಲಿಸಬೇಕು. ಮೊಳೆ ಟೈರಿನ ಪಕ್ಕದ ಗೋಡೆಗೆ ಚುಚ್ಚಿದ್ದರೆ ಗಾಳಿ ಗಟ್ಟಿಯಾಗಿದ್ದರೂ ದೂರ ಓಡಿಸುವಂತಿಲ್ಲ. ಗೋಡೆಯಲ್ಲಿ ಉಕ್ಕಿನ ಪಟ್ಟಿಗಳಿಲ್ಲ, ಪ್ರತಿ ಸುತ್ತಿಗೂ ಬಾಗುವ ಜಾಗ ಅದು. ಸಣ್ಣ ಗಾಯ ಒಮ್ಮೆಲೇ ಸೀಳಿಕೊಳ್ಳಬಹುದು.

ಬೈಕಿನಲ್ಲಿ ಗಡಿ ಇನ್ನೂ ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಬೀಳದಂತೆ ಹಿಡಿಯಲು ಅಲ್ಲಿ ಬೇರೆ ಗಾಲಿಗಳಿಲ್ಲ. ಹಿಂದಿನ ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿ ಗಾಳಿ ನಿಂತಿದ್ದರೆ ಒಬ್ಬರೇ ಕೂತು 30-40ರ ವೇಗದಲ್ಲಿ ಹತ್ತಿರದ ಅಂಗಡಿಗೆ ಹೋಗಬಹುದು. ಮುಂದಿನ ಟೈರಿನ ಗಾಳಿ ಇಳಿಯುತ್ತಿದ್ದರೆ ಹ್ಯಾಂಡಲ್ ಕೈ ಮಾತು ಕೇಳುವುದಿಲ್ಲ. ಅದನ್ನು ಓಡಿಸದೆ ನೂಕಬೇಕು ಇಲ್ಲವೇ ಬೇರೆ ಗಾಡಿಗೆ ಹಾಕಿಸಿಕೊಂಡು ಹೋಗಬೇಕು. ಓಡುತ್ತಿರುವಾಗಲೇ ಗಾಳಿ ಹೋದರೆ ಆಕ್ಸಿಲರೇಟರ್ ಮೆಲ್ಲನೆ ಬಿಟ್ಟು, ಹ್ಯಾಂಡಲ್ ನೇರ ಹಿಡಿದು, ಗಾಳಿ ಇರುವ ಗಾಲಿಯ ಬ್ರೇಕನ್ನಷ್ಟೇ ಹಗುರವಾಗಿ ಒತ್ತಬೇಕು.

ಅಂಗಡಿಯಲ್ಲಿ ಕೇಳಬೇಕಾದದ್ದು

ಈ ಭಾಗದ ಹೆಚ್ಚಿನ ಅಂಗಡಿಗಳಲ್ಲಿ ಟ್ಯೂಬ್‌ಲೆಸ್ ಪಂಚರಿಗೆ ಹೊರಗಿನಿಂದಲೇ ಸ್ಟ್ರಿಪ್ ತುರುಕುತ್ತಾರೆ. ಗಾಲಿ ಬಿಚ್ಚದೆ ಐದು ಹತ್ತು ನಿಮಿಷದಲ್ಲಿ ಮುಗಿಯುವ ಈ ಕೆಲಸ ನೆಲಮುಟ್ಟುವ ಭಾಗದ ನಡುವಿನ ಚಿಕ್ಕ ತೂತಿಗೆ ಚೆನ್ನಾಗಿ ನಿಲ್ಲುತ್ತದೆ. ಆದರೆ ಇದರಲ್ಲಿ ಟೈರಿನ ಒಳಗನ್ನು ಯಾರೂ ನೋಡಿರುವುದಿಲ್ಲ. ಹೆಚ್ಚು ಬಾಳುವ ರಿಪೇರಿ ಎಂದರೆ ಟೈರನ್ನು ರಿಮ್ಮಿನಿಂದ ಬಿಚ್ಚಿ, ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕುವುದು: ಅದರ ಕಾಂಡ ತೂತನ್ನು ತುಂಬುತ್ತದೆ, ಕೊಡೆ ಒಳಪದರಕ್ಕೆ ಅಂಟಿ ಗಾಳಿಯನ್ನು ತಡೆಯುತ್ತದೆ. ಹೆದ್ದಾರಿಯಲ್ಲಿ ವೇಗವಾಗಿ, ಹೆಚ್ಚು ಹೊರೆ ಹೊತ್ತು ಓಡುವ ಗಾಡಿಗೆ ಇದನ್ನೇ ಕೇಳಬೇಕು.

ಗಾಳಿ ಕಡಿಮೆಯಿದ್ದ ಟೈರಿನ ಮೇಲೆ ಸ್ವಲ್ಪವಾದರೂ ಓಡಿಸಿದ್ದರೆ ಬಿಚ್ಚಿ ನೋಡಲೇಬೇಕು. ಒಳಗೆ ಕಪ್ಪು ರಬ್ಬರಿನ ಪುಡಿ ಉದುರಿದ್ದರೆ, ಗೋಡೆಯ ಸುತ್ತ ಉಜ್ಜಿದ ಉಂಗುರದ ಗುರುತು ಕಂಡರೆ, ಬೆರಳಿಗೆ ನೂಲು ತಾಗಿದರೆ ಆ ಟೈರಿನ ಆಯುಸ್ಸು ಮುಗಿದಿದೆ. ತೂತು ಚೆನ್ನಾಗಿ ಮುಚ್ಚಿದರೂ ಆ ಗೋಡೆ ಮುಂದೊಂದು ದಿನ ಹೆದ್ದಾರಿಯಲ್ಲಿ ಸಿಡಿಯಬಹುದು. ಕಾರಿನ ಟೈರಿನಲ್ಲಿ ತೂತು 6 ಮಿ.ಮೀ.ಗಿಂತ ದೊಡ್ಡದಾಗಿದ್ದರೆ, ಭುಜದ ಅಂಚಿನಲ್ಲಿ ಅಥವಾ ಗೋಡೆಯಲ್ಲಿದ್ದರೆ ರಿಪೇರಿ ಮಾಡಿಸಬಾರದೆಂಬುದು ಟೈರು ತಯಾರಕರು ಸಾಮಾನ್ಯವಾಗಿ ಒಪ್ಪಿದ ಮಿತಿ. ಕೆಲಸ ಮುಗಿದ ಮೇಲೆ ರಿಪೇರಿಯಾದ ಜಾಗಕ್ಕೂ ವಾಲ್ವಿಗೂ ಸಾಬೂನು ನೀರು ಹಾಕಿಸಿ ಗುಳ್ಳೆ ಇಲ್ಲವೆಂದು ನೋಡಬೇಕು, ಮರುದಿನ ಬೆಳಿಗ್ಗೆ ಟೈರು ತಣ್ಣಗಿರುವಾಗ ಇನ್ನೊಮ್ಮೆ ಒತ್ತಡ ಅಳೆಯಬೇಕು.

ಟ್ಯೂಬ್‌ಲೆಸ್ ಟೈರಿನ ಮೊಳೆಯನ್ನು ಅಂಗಡಿಯ ಅಂಗಳದಲ್ಲಿ ಕೀಳಿಸಿ. ಟ್ಯೂಬ್ ಗಾಲಿಯ ಗಾಳಿ ಹೋಗಿದ್ದರೆ ನೂಕುವ ಮುನ್ನವೇ ಗುರುತು ಹಾಕಿ ಕೀಳಿರಿ. ಎರಡರಲ್ಲಿ ಯಾವುದನ್ನು ಮಾಡುವುದಾದರೂ ಗಾಡಿಯಲ್ಲಿ ಒಂದು ಗೇಜು, ಒಂದು ಚಿಕ್ಕ ಪಂಪು, ಒಂದು ಹಲಗೆ ಇರಲಿ, ಸ್ಟೆಪ್ನಿಯ ಗಾಳಿಯನ್ನು ತಿಂಗಳಿಗೊಮ್ಮೆ ನೋಡುವ ರೂಢಿಯಿರಲಿ. ಕಿತ್ತ ಮೊಳೆಯನ್ನು ಮಾತ್ರ ರಸ್ತೆಬದಿಗೆ ಎಸೆಯಬೇಡಿ; ಹಿಂದೆ ಬರುವ ಗಾಲಿಗೆ ಅದು ಮತ್ತೆ ಚುಚ್ಚುತ್ತದೆ.